ಸೊಸೆಯ ಸಣ್ಣ ದನಿ

ಡಫಳಾಪುರದ ಪೇಟೆಯಲ್ಲಿ ಶ್ರೀಶೈಲಪ್ಪನವರ ಬಟ್ಟೆಯಂಗಡಿ ಅವರ ಅಪ್ಪನ ಕಾಲದ್ದು. ಅವರೂ ಹರೆಯದಿಂದ ಅದೇ ಗಾದಿಯ ಮೇಲೆ ಕುಳಿತವರು. ಮೀಸೆ ಬೆಳ್ಳಗಾದ ಮೇಲೆ ಮಗ ವಿಜಯಕುಮಾರ ವ್ಯಾಪಾರ ನೋಡಿಕೊಳ್ಳತೊಡಗಿದರೂ ಗಾದಿ ಮಾತ್ರ ಅವರದೇ ಆಗಿತ್ತು. ಊರಿನವರಿಗೆ ಅವರ ಕೈಯಿಂದ ಬಟ್ಟೆ ಹರಿಸಿಕೊಂಡರೇ ಸಮಾಧಾನ. ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ. ಯಾರ ಮನೆಯಲ್ಲಿ ತೊಟ್ಟಿಲು, ಯಾರ ಮನೆಯಲ್ಲಿ ಸೀರೆ ಉಡಿಸುವ ಕಾರ್ಯ ಎಂಬುದು ಊರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಹೆಂಡತಿ ಶಿವಲಿಂಗವ್ವ ತೀರಿಕೊಂಡ ಮೇಲೆ ಅವರಿಗೊಂದು ವಿಚಿತ್ರ ಅನುಮಾನ ಬಂದಿತ್ತು. ಜನ ಮೊದಲಿನಂತೆ ಬಾಯಿಬಿಟ್ಟು ಮಾತಾಡುತ್ತಿಲ್ಲ, ತುಟಿಯೊಳಗೇ ಗುಣುಗುಣು ಅನ್ನುತ್ತಾರೆ ಎಂದು. ಅದರಲ್ಲೂ ಹೆಂಗಸರು, ಹುಡುಗರು. ವಿಜಯಕುಮಾರನ ದನಿ ಅಪ್ಪನಂತೆಯೇ ದಪ್ಪ. ಅವನದು ಕೇಳುತ್ತಿತ್ತು. ಸೊಸೆ ಉಮಾಶ್ರೀ ಯಳವಿ ಎಂಬ ಊರಿನ ಹುಡುಗಿ, ಬಹಳ ಸಣ್ಣ ದನಿ. ಅವಳು ಅಡಿಗೆಮನೆಯಿಂದ ಏನೋ ಅನ್ನುವಳು, ಇವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಅವಳೇ ಹೊರಗೆ ಬಂದು ಚಹಾದ ಕಪ್ಪನ್ನು ತುಸು ಜೋರಾಗಿಯೇ ಇಟ್ಟು ಹೋಗುವಳು. ಏನಾಯಿತು ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಏನಂದಿವಾ ಉಮಾ?" ಎಂದು ಕೇಳಿದರೆ ಒಂದೇ ಉತ್ತರ.

"ಏನಿಲ್ಲ ಬಿಡ್ರಿ."

ಊಟದ ಹೊತ್ತಿಗೆ ಮಗ, ಸೊಸೆ, ಜತ್ತದ ಕಾಲೇಜಿಗೆ ಹೋಗುವ ಮೊಮ್ಮಗಳು ಸೃಷ್ಟಿ ಮೂವರೂ ನಗುತ್ತಿದ್ದರು. ಟಿ.ವಿ. ಬೇರೆ ಹಚ್ಚಿಯೇ ಇರುತ್ತಿತ್ತು. ಅವರು ನಕ್ಕಾಗ ಶ್ರೀಶೈಲಪ್ಪನವರೂ ನಗುತ್ತಿದ್ದರು, ಒಂದು ಗಳಿಗೆ ತಡವಾಗಿ. "ಏನದು?" ಎಂದು ಕೇಳಿದರೆ, ಮತ್ತೆ ಅದೇ. ಏನಿಲ್ಲ ಬಿಡ್ರಿ. ಬರಬರುತ್ತ ಕೇಳುವುದನ್ನೇ ಬಿಟ್ಟರು. ರೊಟ್ಟಿ ಮುರಿದು ತಿಂದು ಎದ್ದು ಹೋಗುವುದು ಸುಲಭವಾಗಿತ್ತು.

ಶಿವಲಿಂಗವ್ವ ಇದ್ದಾಗ ಹೀಗಿರಲಿಲ್ಲ. ಆಕೆ ಅವರ ಎದುರಿಗೇ ತಾಟು ಇಟ್ಟುಕೊಂಡು ಕೂಡುತ್ತಿದ್ದಳು. ತುಂಬಿದ ದನಿ. "ಕೇಳಿದ್ರೇನು, ಸೃಷ್ಟಿ ಹಿಂಗಂತಾಳ ನೋಡ್ರಿ" ಎಂದು ಎಲ್ಲರ ಮಾತನ್ನೂ ತನ್ನ ಬಾಯಿಂದ ಇನ್ನೊಮ್ಮೆ ಆಡುತ್ತಿದ್ದಳು. ಅದು ಆಕೆಯ ರೂಢಿ, ಮಾತು ಹೆಚ್ಚು ಎಂದುಕೊಂಡಿದ್ದರು ಎಲ್ಲರೂ. ಶ್ರೀಶೈಲಪ್ಪನವರೂ ಹಾಗೇ ಅಂದುಕೊಂಡಿದ್ದರು.

ಹರಿಬಾ ಅಂಗಡಿಗೆ ಬಂದದ್ದು ಒಂದು ಸಂತೆಯ ದಿನ. ಊರಾಚೆ ಹೊಲದ ಮನೆಯಲ್ಲಿರುವ ರೈತ, ಹಳೆಯ ಗಿರಾಕಿ. ಅವನ ತಾಯಿ ಶೇವಂತಾ ವರ್ಷಕ್ಕೊಮ್ಮೆ ಇದೇ ಗಾದಿಯ ಮುಂದೆ ಕುಳಿತು, ಚೌಕಾಸಿ ಮಾಡಿ ಮಾಡಿ ಲುಗಡೆ ಸೀರೆ ಒಯ್ಯುತ್ತಿದ್ದಳು. ಅಂಗಡಿ ತುಂಬಿತ್ತು, ಹೊರಗೆ ಟ್ರ್ಯಾಕ್ಟರೊಂದು ಬಡಬಡ ಅನ್ನುತ್ತ ನಿಂತಿತ್ತು. ಹರಿಬಾ ತಲೆ ತಗ್ಗಿಸಿ, ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಏನೋ ಅಂದ.

"ಏನು?"

"ಮಣ್ಣಿನ ಬಟ್ಟಿ ಬೇಕಾಗಿತ್ರಿ, ಅಪ್ಪಾರ."

ಶ್ರೀಶೈಲಪ್ಪನವರಿಗೆ ಕೇಳಿಸಿದ್ದು 'ಮದಿವಿ ಬಟ್ಟಿ' ಎಂದು.

"ಅರೆ ವ್ಹಾ!" ಎಂದರು ಅಗಲವಾಗಿ ನಗುತ್ತ. "ಯಾರ್ದೋ? ಮಗಳದೇನು? ನಮಗ ಹೇಳೇ ಇಲ್ಲಲ್ಲೋ! ಅವ್ವ ಎಲ್ಲಿ? ಆಕಿನ್ನ ಬಿಟ್ಟು ಮದಿವಿ ಜವಳಿ ತಗೀತಿ?" ಹೀಗೆನ್ನುತ್ತಲೇ ಹಿಂದಿನ ಕಪಾಟಿನಿಂದ ಜರಿಯಂಚಿನ ಹಸಿರು ಸೀರೆಯೊಂದನ್ನು ಎಳೆದು ಅವನ ಮುಂದೆ ಝಾಡಿಸಿ ಹಾಸಿದರು.

ಅಂಗಡಿ ಸ್ತಬ್ಧವಾಯಿತು. ಅದು ಶ್ರೀಶೈಲಪ್ಪನವರಿಗೆ ಕಂಡಿತು. ಹರಿಬಾನ ಮುಖ ಕಂಡಿತು. ಮುದುಕಿಯೊಬ್ಬಳು ಬಾಯಿಗೆ ಸೆರಗು ಹಿಡಿದದ್ದು ಕಂಡಿತು. ವಿಜಯಕುಮಾರ ಓಡಿ ಬಂದು ಸೀರೆಯನ್ನು ಮುದ್ದೆ ಮಾಡಿ ತೆಗೆದು, ಅಪ್ಪನ ಕಿವಿಯ ಹತ್ತಿರ ಬಗ್ಗಿ ಹೇಳಿದ.

"ಅಪ್ಪಾ, ಶೇವಂತಾಬಾಯಿ ಹೋದ್ಲು. ಮುಂಜಾನಿ."

ಹೆಣಕ್ಕೆ ಹೊದಿಸಲೆಂದು ವಿಜಯಕುಮಾರ ಕತ್ತರಿಸಿ ಕೊಟ್ಟ ಬಿಳಿ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಹರಿಬಾ ಹೋದ. ಸಂಜೆ ಶ್ರೀಶೈಲಪ್ಪನವರು ಅವನ ಮನೆಗೆ ಹೋಗಿ ಅಂಗಳದಲ್ಲಿ ಕುಳಿತರು. ಕೈ ಮುಗಿದು ಕ್ಷಮೆ ಕೇಳಿದರು. ಹರಿಬಾ ಏನೋ ಹೇಳಿದ. ಅದು ಸಿಟ್ಟಿನ ಮಾತೋ ಸಮಾಧಾನದ ಮಾತೋ ಅವರಿಗೆ ತಿಳಿಯಲಿಲ್ಲ, ಸುತ್ತ ಹೆಂಗಸರ ಅಳು ಇತ್ತು. ಇನ್ನೊಮ್ಮೆ ಹೇಳು ಎಂದು ಆ ಹೊತ್ತಿನಲ್ಲಿ ಹೇಗೆ ಕೇಳುವುದು? ತಲೆಯಾಡಿಸಿ ಎದ್ದು ಬಂದರು.

ಮರುದಿನದಿಂದ ಅವರು ಅಂಗಡಿಗೆ ಹೋಗಲಿಲ್ಲ. ವಿಜಯಕುಮಾರನೂ ಕರೆಯಲಿಲ್ಲ. ಕಿವಿ ತೋರಿಸೋಣ ಎಂದು ಅವನು ಅಂದಾಗ "ನನ್ನ ಕಿವಿಗೇನ ಧಾಡಿ? ಬಾಯಾಗ ಟವೆಲ್ ಇಟಗೊಂಡ ಮಾತಾಡಿದ್ರ ಯಾರಿಗಿ ಕೇಳಸತೈತಿ?" ಎಂದು ಗದರಿದರು. ಗದರಿದ ಮೇಲೆ ಹೊರಪಡಸಾಲೆಯ ಕುರ್ಚಿಯಲ್ಲಿ ಹೋಗಿ ಕುಳಿತರು. ಆಮೇಲೆ ಆ ಕುರ್ಚಿಯೇ ಅವರ ಗಾದಿಯಾಯಿತು. ಓಣಿಯಲ್ಲಿ ಹೋಗುವವರು "ಶರಣರಿ" ಎಂದು ಕೈ ಎತ್ತಿದರೆ ಇವರೂ ಕೈ ಎತ್ತುವರು. ಮೊದಲು ನಿಂತು ಮಾತಾಡುತ್ತಿದ್ದವರೂ ಈಗ ಕೈ ಎತ್ತಿ ನಡೆದುಬಿಡುತ್ತಿದ್ದರು. ಸೋಮವಾರದ ಭಜನೆಗೂ ಹೋಗುವುದು ನಿಂತಿತು. ಅಲ್ಲಿ ತಬಲಾ ಕೇಳುತ್ತಿತ್ತು, ಪದ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಉಮಾಶ್ರೀಯ ಮುಖ ದಿನದಿನಕ್ಕೆ ಬಿಗಿಯಾಗುತ್ತ ಬಂತು. ಅವಳಿಗೂ ತನ್ನದೊಂದು ಲೆಕ್ಕವಿತ್ತು. ಮಗ ಒಂದು ಸಲ ಕರೆದರೆ ಓಗೊಡುವ ಮಾವ, ತಾನು ಮೂರು ಸಲ ಕರೆದರೂ ಪೇಪರ್ ತೆಗೆಯುವುದಿಲ್ಲ. ಬಾಗಿಲಲ್ಲಿ ಎಮ್ಮೆ ಒದರಿದರೆ ತಿರುಗಿ ನೋಡುತ್ತಾರೆ. ಅಂದರೆ ಕಿವಿ ಕೇಳುತ್ತದೆ, ಸೊಸೆಯ ಮಾತು ಮಾತ್ರ ಬೇಡ. ಅತ್ತೆ ಹೋದ ಮೇಲೆ ತಾನು ಈ ಮನೆಗೆ ಆಳು ಎಂದೇ ಅವಳಿಗೆ ಅನ್ನಿಸಿಬಿಟ್ಟಿತ್ತು. ಇದನ್ನು ಅವಳು ಗಂಡನಿಗೆ ಹೇಳಿದ್ದಳು, ಮಾವನಿಗೆ ಹೇಗೆ ಹೇಳುತ್ತಾಳೆ?

ಒಂದು ಮಧ್ಯಾಹ್ನ ಮನೆಯಲ್ಲಿ ಮಾವ, ಸೊಸೆ ಇಬ್ಬರೇ. ಶ್ರೀಶೈಲಪ್ಪನವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಓದುವುದೊಂದರಲ್ಲಿ ಅವರಿಗೆ ಯಾರ ಹಂಗೂ ಇರಲಿಲ್ಲ, ಹಾಗಾಗಿ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು. ಸೃಷ್ಟಿ ಕಾಲೇಜಿನಿಂದ ಬಂದು, ಚೀಲ ಒಗೆದು ಒಳಗೆ ಓಡಿದ್ದು ಕಂಡಿತು. ಅದೇನು ಅವಸರ ಎಂದು ಎದ್ದು ಹೋದರು. ಉಮಾಶ್ರೀ ಬಚ್ಚಲಿನ ಹಸಿಕಲ್ಲಿನ ಮೇಲೆ ಜಾರಿ ಬಿದ್ದಿದ್ದಳು. ಮುಂಗೈ ಸೊಟ್ಟಗೆ ಊದಿಕೊಂಡಿತ್ತು, ಮುಖ ಬೆವರಿನಿಂದ ತೊಯ್ದಿತ್ತು. ಮಾವನನ್ನು ಕಂಡದ್ದೇ ಅವಳು ಬಾಯಿ ತೆರೆದು ಏನೇನೋ ಅಂದಳು. ಅವಳ ಕಣ್ಣು ಉರಿಯುತ್ತಿತ್ತು. ಶ್ರೀಶೈಲಪ್ಪನವರಿಗೆ ಅವಳ ತುಟಿ ಅಲುಗುವುದು ಕಂಡಿತು, ಮಾತು ತಲುಪಲಿಲ್ಲ.

"ಏನಂತಾಳವಾ?" ಎಂದು ಮೊಮ್ಮಗಳನ್ನು ಕೇಳಿದರು.

ಸೃಷ್ಟಿ ಮೊದಲು ತಾಯಿಯನ್ನು ನೋಡಿದಳು. ಆಮೇಲೆ ಎದ್ದು ಬಂದು, ಮುತ್ಯಾನ ಎರಡೂ ತೋಳು ಹಿಡಿದು ಮುಖಕ್ಕೆ ಮುಖವಿಟ್ಟು ಹೇಳಿದಳು.

"ಮುತ್ಯಾ, ಅವ್ವ ಬಿದ್ದು ಭಾಳ ಹೊತ್ತಾತು. ನಿನ್ನ ಒದರಿ ಒದರಿ ಸಾಕಾತಂತ. ನೀ ಕೇಳಿದ್ರೂ ಬರ್ಲಿಲ್ಲ ಅಂತಾಳ."

ಪ್ರತಿ ಅಕ್ಷರವೂ ತಿಳಿಯಿತು. ಇಷ್ಟು ದಿನದಲ್ಲಿ ಮನೆಯ ಯಾವ ಮಾತೂ ಅವರಿಗೆ ಇಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಗೋಡೆ ಹಿಡಿದು ನಿಂತರು.

"ಇಲ್ಲವಾ," ಎಂದರು ಉಮಾಶ್ರೀಯ ಕಡೆ ನೋಡಿ. "ನನಗ ಕೇಳಸ್ಲಿಲ್ಲ. ಶಿವನಾಣಿ ಕೇಳಸ್ಲಿಲ್ಲ."

ಅವಳು ಮುಖ ತಿರುಗಿಸಿದಳು.

ಉಮಾಶ್ರೀ ಮೀರಜಿನ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಮುಂದಿನ ಸಲ ಮೀರಜಿಗೆ ಅದನ್ನು ತೋರಿಸಲು ಹೊರಟಾಗ, ಶ್ರೀಶೈಲಪ್ಪನವರು ಯಾರೂ ಕೇಳದೆಯೇ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನನ್ನ ಕಿವೀನೂ ತೋರ್ಸೋ ವಿಜಯಾ," ಎಂದರು. ಅಷ್ಟು ಹೇಳಲು ಅವರಿಗೆ ಬಹಳ ಕಷ್ಟವಾಯಿತು.

ಮೀರಜಿನಲ್ಲಿ ಕಿವಿಯ ಡಾಕ್ಟರು ಮೊದಲು ದೀಪ ಹಿಡಿದು ನೋಡಿ ಎರಡೂ ಕಿವಿಯ ಗುಗ್ಗೆ ತೆಗೆದರು. ಶ್ರೀಶೈಲಪ್ಪನವರು ಆಸೆಯಿಂದ ಕಿವಿಗೊಟ್ಟರು. ತುಸು ಹಗುರ ಅನ್ನಿಸಿತು, ಮಾತು ಮಾತ್ರ ಮೊದಲಿನಂತೆಯೇ ಮಸುಕು. ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಶ್ರವಣ ಪರೀಕ್ಷೆ ಮಾಡುವ ನಂದಾ ಎಂಬ ಹೆಣ್ಣುಮಗಳು ಅವರನ್ನು ಒಂದು ಗಾಜಿನ ಕಿಟಕಿಯ ಪುಟ್ಟ ಗೂಡಿನಲ್ಲಿ ಕೂಡಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. ಎಷ್ಟು ಸಣ್ಣದಾಗಿ ಸದ್ದು ಕೇಳಿಸಿದರೂ ಒತ್ತಬೇಕು.

ಬಾಗಿಲು ಮುಚ್ಚಿತು. ಅಂಥ ಮೌನದಲ್ಲಿ ಅವರು ಎಂದೂ ಕುಳಿತಿರಲಿಲ್ಲ. ದೂರದಲ್ಲಿ ಹೂಂ ಎಂಬಂಥ ದಪ್ಪ ಸದ್ದು ಬಂತು, ಒತ್ತಿದರು. ಮತ್ತೆ ಬಂತು, ಒತ್ತಿದರು. ಆಮೇಲೆ ಏನೂ ಇಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತ ಕುಳಿತಿತ್ತು. ಕಿಟಕಿಯಾಚೆ ನಂದಾಳ ಕೈ ಯಂತ್ರದ ಮೇಲೆ ಆಡುತ್ತಲೇ ಇತ್ತು. ಅಂದರೆ ಅಲ್ಲಿ ಸದ್ದು ಇದೆ, ತನ್ನ ತನಕ ಬರುತ್ತಿಲ್ಲ. ಆಗ ಅವರಿಗೆ ಶಿವಲಿಂಗವ್ವ ನೆನಪಾದಳು. ಕೇಳಿದ್ರೇನು, ಸೃಷ್ಟಿ ಹಿಂಗಂತಾಳ ನೋಡ್ರಿ. ಆಕೆಗೆ ಗೊತ್ತಿತ್ತು. ಅವರಿಗಿಂತ ಮೊದಲೇ ಗೊತ್ತಿತ್ತು, ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನಂದಾ ಎಲ್ಲರನ್ನೂ ಕೂಡಿಸಿ ಒಂದು ನಕ್ಷೆ ತೋರಿಸಿದಳು. ಎಡಗಡೆ ಮೇಲಿದ್ದ ಗೆರೆ ಬಲಕ್ಕೆ ಹೋಗುತ್ತ ಇಳಿಜಾರಿನಂತೆ ಕೆಳಗೆ ಬಿದ್ದಿತ್ತು.

"ವಯಸ್ಸಾದಂಗ ಒಳಗಿವಿಯೊಳಗಿನ ನರ ಸವೀತಾವ್ರಿ. ಎರಡೂ ಕಿವಿಗೂ ಹಂಗ ಆಗೇದ," ಎಂದಳು. "ದಪ್ಪ ದನಿ ಈ ಕಡಿ. ಗಂಡಸರ ದನಿ, ಎಮ್ಮಿ, ಟ್ರ್ಯಾಕ್ಟರು. ಅವು ಇನ್ನೂ ಕೇಳತಾವ. ಈ ಕಡಿ ಸಣ್ಣ ದನಿ, ಹೆಣ್ಮಕ್ಕಳದು, ಹುಡುಗರದು. ಸ, ಚ, ತ, ಕ, ಇಂಥಾ ಅಕ್ಷರಾನೂ ಇಲ್ಲೇ ಬರ್ತಾವ. ಇವು ಹೋಗಿಬಿಟ್ಟಾವ. ಅದಕ್ಕ ಇವರಿಗೆ ಮಾತಾಡಾಕತ್ತಾರ ಅಂತ ಗೊತ್ತಾಗತದ, ಏನ ಮಾತಾಡಾಕತ್ತಾರ ಅಂತ ತಿಳಿಯಂಗಿಲ್ಲ."

ಉಮಾಶ್ರೀ ಆ ಗೆರೆಯನ್ನೇ ನೋಡುತ್ತಿದ್ದಳು. "ಅಂದ್ರ," ಎಂದಳು, "ನಮ್ಮ ಮನ್ಯಾರದು ಕೇಳಸೂದು, ನಂದು ಕೇಳಸದಿರೂದು…"

"ಬೇಕಂತ ಮಾಡೂದಲ್ರಿ ಅದು. ನಿಮ್ಮ ದನಿ ಇಲ್ಲಿ ಬೀಳತದ ನೋಡ್ರಿ." ನಂದಾ ಇಳಿಜಾರಿನ ತಳದಲ್ಲಿ ಬೆರಳಿಟ್ಟಳು.

ಈ ಮಾತುಕತೆ ಶ್ರೀಶೈಲಪ್ಪನವರಿಗೆ ಅರ್ಧಂಬರ್ಧ ತಿಳಿಯಿತು. ಸೊಸೆ ಪ್ಲಾಸ್ಟರಿನ ಕೈಯಿಂದಲೇ ಕಣ್ಣೊರೆಸಿಕೊಂಡದ್ದು ಮಾತ್ರ ಕಂಡಿತು. ಕೈ ನೋಯುತ್ತಿರಬೇಕು ಎಂದುಕೊಂಡರು.

"ನಾವು ಜೋರಾಗಿ ಒದರತೀವ್ರಿ, ಆದ್ರೂ ತಿಳಿಯಂಗಿಲ್ಲ," ಎಂದ ವಿಜಯಕುಮಾರ.

"ಒದರಬ್ಯಾಡ್ರಿ. ಒದರಿದ್ರ ಮಾತು ಒಡೀತದ, ನಿಮ್ಮ ಮುಖಾನೂ ಜಗಳಾಡಿದಂಗ ಕಾಣಸ್ತದ. ಮೊದಲ ಮುಟ್ಟಿ ಕರೀರಿ, ಇಲ್ಲಾ ಕಣ್ಣಿಗಿ ಬೀಳ್ರಿ. ಮುಖದ ಮ್ಯಾಲ ಬೆಳಕ ಇರ್ಲಿ, ಬಾಯಿ ಕಾಣ್ಲಿ. ಟಿ.ವಿ. ಬಂದ್ ಮಾಡಿ ಒಬ್ಬೊಬ್ಬರ ಮಾತಾಡ್ರಿ. ತಿಳೀಲಿಲ್ಲಂದ್ರ ಅದನ್ನ ಮತ್ತ ಮತ್ತ ಅನ್ನೂದ ಬ್ಯಾಡ, ಬ್ಯಾರೆ ಶಬ್ದದಾಗ ಹೇಳ್ರಿ." ಆಮೇಲೆ ನಂದಾ ತನ್ನ ಕುರ್ಚಿಯನ್ನು ಶ್ರೀಶೈಲಪ್ಪನವರ ಎದುರಿಗೆ ಸರಿಸಿಕೊಂಡು ನಿಧಾನವಾಗಿ ಹೇಳಿದಳು: "ಅಜ್ಜಾರ, ಕಿವಿಗೆ ಮಷೀನ್ ಹಾಕೂಣು. ಹರೇದ ಕಿವಿ ಹೊಳ್ಳಿ ಬರಂಗಿಲ್ಲ. ಆದ್ರ ಉಪಯೋಗ ಆಗತದ. ರೂಢಿ ಆಗಾಕ ಟೈಮ್ ಬೇಕು, ಬೇಸರ ಮಾಡ್ಕೋಬ್ಯಾಡ್ರಿ."

ಹೊಳ್ಳಿ ಬರಂಗಿಲ್ಲ ಎಂಬುದು ತಿಳಿಯಿತು. ತಲೆಯಾಡಿಸಿದರು.

ಮರಳುವಾಗ ಬಸ್ಸಿನಲ್ಲಿ ಉಮಾಶ್ರೀ ಅವರ ಪಕ್ಕದಲ್ಲಿ ಕುಳಿತಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಆ ಗದ್ದಲದಲ್ಲಿ ಆಡಿದರೂ ಕೇಳಿಸದು ಎಂದು ಅವಳು ಸುಮ್ಮನಿದ್ದಳು. ಅವಳಿಗಿನ್ನೂ ಸಿಟ್ಟು ಇಳಿದಿಲ್ಲ ಎಂದು ಅವರು ಸುಮ್ಮನಿದ್ದರು.

ಮಷೀನು ಬಂದಾಗ ಮನೆಯವರೆಲ್ಲ ಹಿಗ್ಗಿದರು. ಕಿವಿಯ ಹಿಂದೆ ಕೂಡುವ, ಹುಣಿಸೆಬೀಜಕ್ಕಿಂತ ತುಸು ದೊಡ್ಡದಾದ ಎರಡು ತುಣುಕು. ಹಾಕಿದ ಮೊದಲ ದಿನವೇ ಶ್ರೀಶೈಲಪ್ಪನವರು ಬೆಚ್ಚಿಬಿದ್ದರು. ತಾಟಿಗೆ ಚಮಚ ತಾಗಿದರೆ ತಲೆಯೊಳಗೆ ಗಂಟೆ. ಪೇಪರ್ ತಿರುವಿದರೆ ಬೆಂಕಿ ಹೊತ್ತಿದಂಥ ಚರಚರ. ತಮ್ಮದೇ ದನಿ ಕೊಡದೊಳಗಿಂದ ಬಂದ ಹಾಗೆ. ಮನೆಮಂದಿಯೋ, ಮಷೀನು ಬಂತಲ್ಲ ಎಂದು, ಮತ್ತೆ ಅಡಿಗೆಮನೆಯಿಂದ, ಮಾಳಿಗೆಯಿಂದ, ಬೆನ್ನ ಹಿಂದಿನಿಂದ ಮಾತಾಡತೊಡಗಿದರು. ಟಿ.ವಿ. ಮೊದಲಿನಂತೆಯೇ. ಎಲ್ಲ ಸದ್ದೂ ಒಟ್ಟಿಗೇ ದೊಡ್ಡದಾಗಿ, ಮಾತು ಅದರಲ್ಲಿ ಎಲ್ಲಿಯೋ ಕಳೆದುಹೋಗುತ್ತಿತ್ತು.

"ಇಷ್ಟ ಖರ್ಚ ಮಾಡೀವಿ, ಈಗೂ ಕೇಳಸಂಗಿಲ್ಲಂದ್ರ ಹೆಂಗಪ್ಪಾ?" ಎಂದು ವಿಜಯಕುಮಾರ ಒಂದು ದಿನ ಬೇಸರದಿಂದ ಅಂದುಬಿಟ್ಟ. ಅವನ ದಪ್ಪ ದನಿ, ಅದು ಚೆನ್ನಾಗಿಯೇ ಕೇಳಿಸಿತು.

ಶ್ರೀಶೈಲಪ್ಪನವರು ಎರಡೂ ತುಣುಕು ಬಿಚ್ಚಿ ಡಬ್ಬಿಯಲ್ಲಿಟ್ಟರು. ಮತ್ತೆ ಪಡಸಾಲೆಯ ಕುರ್ಚಿ. ಈ ಸಲ ಒಂದು ವ್ಯತ್ಯಾಸ. ಮೊದಲು ಜನ ಗುಣುಗುಡುತ್ತಾರೆ ಎಂಬ ಸಿಟ್ಟಾದರೂ ಜೊತೆಗಿತ್ತು. ಈಗ ಆ ಸಿಟ್ಟೂ ಇಲ್ಲ. ತಪ್ಪು ತನ್ನ ಕಿವಿಯದೇ ಎಂದು ಗೊತ್ತಾದ ಮೇಲೆ ಯಾರ ಮೇಲೆ ಸಿಡುಕುವುದು? ಶಿವಲಿಂಗವ್ವನ ಫೋಟೋದ ಕೆಳಗೆ ಕೂತು ಓಣಿ ನೋಡುತ್ತಿದ್ದರು. ನೆರೆಯ ಕೂಸು ಅತ್ತರೂ ಸದ್ದಿಲ್ಲ, ಗಾಳಿಗೆ ಬೇವಿನೆಲೆ ಅಲುಗಿದರೂ ಸದ್ದಿಲ್ಲ. ಎಲ್ಲವೂ ಗಾಜಿನ ಕಿಟಕಿಯಾಚೆ.

ಒಂದು ಮುಂಜಾನೆ ಯಾರೋ ಅವರ ಮೊಣಕೈ ಮುಟ್ಟಿದರು. ಉಮಾಶ್ರೀ. ಅವಳು ಮಣೆ ತಂದು ಅವರ ಎದುರಿಗೆ, ಬಾಗಿಲಿನ ಬೆಳಕು ತನ್ನ ಮುಖಕ್ಕೆ ಬೀಳುವಂತೆ ಕುಳಿತಳು. ಪ್ಲಾಸ್ಟರ್ ತೆಗೆದಿದ್ದರು, ಕೈ ಬಾಡಿದ ಸೊಪ್ಪಿನಂತಿತ್ತು. ಇನ್ನೊಂದು ಕೈಯಲ್ಲಿ ಮಷೀನಿನ ಡಬ್ಬಿ.

"ಮಾವಾರ, ಹಾಕೋರಿ. ಯಾರೂ ಇಲ್ಲ. ಟಿ.ವಿ. ಬಂದ್ ಮಾಡೀನಿ. ನಾ ಒಬ್ಬಾಕಿನ ಮಾತಾಡ್ತೀನಿ."

ಅವರು ಹಾಕಿಕೊಂಡರು.

"ಆವತ್ತ ಬಚ್ಚಲದಾಗ ನಾ ನಿಮಗ ಅನ್ನಬಾರದ್ದ ಅಂದೆ," ಎಂದಳು.

"ಏನು?"

ಅವಳು ದನಿ ಏರಿಸಲಿಲ್ಲ. ತುಸು ಮುಂದೆ ಬಗ್ಗಿ ಬೇರೆ ಮಾತಿನಲ್ಲಿ ಹೇಳಿದಳು. "ಬಿದ್ದೆನಲ್ರಿ, ಆವತ್ತ. ಬೈದೆ ನಿಮ್ಮನ್ನ. ನಂದ ತಪ್ಪ."

ಆ ಸಣ್ಣ ದನಿ ಈಗ ಸೂಜಿಯಷ್ಟು ತೆಳ್ಳಗೆ, ಆದರೂ ಅಕ್ಷರ ಬಿಡಿಸಿಕೊಂಡು ಬಂತು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿರುವವಳು. ಅವಳ ದನಿ ಹೀಗಿದೆ ಎಂದು ಅವರಿಗೆ ಮರೆತೇ ಹೋಗಿತ್ತು.

"ನಿನಗ ನಾ ಬೇಕಂತ ಓಗೊಡೂದಿಲ್ಲ ಅನಸತಿತ್ತೇನವಾ?"

"ಹೂಂ ರೀ. ಇವರು ನನ್ನ ಲೆಕ್ಕಕ್ಕ ಇಟ್ಟಿಲ್ಲ ಅನಸತಿತ್ತು."

"ನನಗ ಇವರೆಲ್ಲಾ ನನ್ನ ಬಿಟ್ಟ ಬಿಟ್ರು ಅನಸತಿತ್ತು," ಎಂದರು ಶ್ರೀಶೈಲಪ್ಪನವರು.

ಅವಳು ಎದ್ದು ಹೋಗಿ ಚಹಾ ತಂದಳು. ಕಪ್ಪು ಇಡುವ ಸದ್ದಿಗೆ ಅವರು ಮುಖ ಹಿಂಡಿದ್ದನ್ನು ಕಂಡು, "ಭಾಳ ಜೋರಾತೇನ್ರಿ? ಮೀರಜಿಗಿ ಹೋದಾಗ ಹೇಳೂಣು, ಕಡಿಮಿ ಮಾಡಿಕೊಡ್ತಾರಂತ," ಎಂದಳು.

ಹಾಗೆ ಶುರುವಾಯಿತು. ದಿನಾ ಮುಂಜಾನೆ, ಮನೆ ಶಾಂತವಿರುವ ಹೊತ್ತಿನಲ್ಲಿ ತುಸು ತುಸು ಮಷೀನು. ಮೀರಜಿನಲ್ಲಿ ನಂದಾ ಅದರ ಸದ್ದು ಸರಿಹೊಂದಿಸಿದಳು. ಊಟಕ್ಕೆ ಕೂತಾಗ ಟಿ.ವಿ. ಬಂದ್ ಎಂದು ಉಮಾಶ್ರೀ ಕಟ್ಟಾಜ್ಞೆ ಮಾಡಿದಳು, ಗಂಡ ಗೊಣಗಿದರೂ ಕೇಳಲಿಲ್ಲ. ಸೃಷ್ಟಿ ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ನಿಧಾನಕ್ಕೆ ಬಿಟ್ಟಳು. ಒಮ್ಮೊಮ್ಮೆ ಎಲ್ಲರೂ ಮರೆಯುತ್ತಿದ್ದರು. ಆಗ ಶ್ರೀಶೈಲಪ್ಪನವರು ತಾವೇ ಕೈ ಎತ್ತಿ, "ತಡೀರಿ, ನನಗ ತಿಳೀಲಿಲ್ಲ," ಅನ್ನುವುದನ್ನು ಕಲಿತರು. ಸುಮ್ಮನೆ ನಕ್ಕು ತಲೆಯಾಡಿಸುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು.

ಎಲ್ಲವೂ ಸರಿಹೋಯಿತು ಎಂದಲ್ಲ. ಅಂಗಡಿಗೆ ಮತ್ತೆ ಹೋದರು, ಗಿರಾಕಿ ಕಡಿಮೆ ಇರುವ ಹೊತ್ತಿಗೆ ಮಾತ್ರ. ಸಂತೆಯ ದಿನ ಹೋಗುವುದಿಲ್ಲ. ಭಜನೆಯ ಪದಗಳು ಇಂದಿಗೂ ಗದ್ದಲದಲ್ಲಿ ಕೂಡಿಹೋಗುತ್ತವೆ. ನಾಲ್ಕು ಜನ ಸೇರಿದರೆ ಅವರು ಈಗಲೂ ಒಂಟಿಯೇ. ದಾಯಾದಿಗಳ ಮನೆಯ ಉಡಿ ತುಂಬುವ ಕಾರ್ಯಕ್ಕೆ ಹೋದವರು, ಅರ್ಧಕ್ಕೇ ಎದ್ದು ಹೊರಗೆ ಬಂದು, ಚಪ್ಪಲಿಗಳ ಹತ್ತಿರ ನಿಂತುಕೊಂಡಿದ್ದರು, ತಲೆನೋವು ಎಂದು ಹೇಳಿ.

ಮೊನ್ನೆ ಸಂಜೆ ಎಲ್ಲರೂ ಪಡಸಾಲೆಯಲ್ಲಿದ್ದಾಗ ಕರೆಂಟು ಹೋಯಿತು. ಮೋಡ ಕವಿದು ಹೊರಗೂ ಕತ್ತಲೆ. ಮಾತು ನಡೆದೇ ಇತ್ತು. ಕತ್ತಲಲ್ಲಿ ಅದು ಅವರಿಗೆ ಮತ್ತೆ ಬರಿಯ ಗುಣುಗು. ಯಾರ ತುಟಿಯೂ ಕಾಣುತ್ತಿರಲಿಲ್ಲ, ಯಾರು ಎಲ್ಲಿದ್ದಾರೆ ಎಂಬುದೂ ತಿಳಿಯುತ್ತಿರಲಿಲ್ಲ. ಕೈ ಎತ್ತಿದರೂ ಈ ಕತ್ತಲಲ್ಲಿ ಯಾರಿಗೆ ಕಂಡೀತು? ಕಣ್ಣು ಮುಚ್ಚಿ, ಕುರ್ಚಿಗೆ ಒರಗಿದರು.

ಮೊಣಕೈಯನ್ನು ಯಾರೋ ಮುಟ್ಟಿದರು. ಕಣ್ಣು ತೆರೆದರೆ ಉಮಾಶ್ರೀ ನೆಲದ ಮೇಲೆ ಎದುರಿಗೆ ಕುಳಿತಿದ್ದಳು. ಮೊಬೈಲಿನ ಟಾರ್ಚನ್ನು ತನ್ನ ಮುಖದ ಮೇಲೆಯೇ ಬಿಟ್ಟುಕೊಂಡಿದ್ದಳು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು.

"ಯಳವ್ಯಾಗ ಮಳಿ ಹತ್ತೇತಂತ್ರಿ," ಎಂದಳು. "ನಮ್ಮ ಅಣ್ಣ ಫೋನ್ ಮಾಡಿದ್ದ. ಅದನ್ನ ಹೇಳಾಕತ್ತಿದ್ದೆ."

"ಎಲ್ಲಿ?"

"ನನ್ನ ತವರ‍್ಮನ್ಯಾಗ. ಜೋರ ಮಳಿ."

"ಚಲೋ ಆತು," ಎಂದರು ಶ್ರೀಶೈಲಪ್ಪನವರು. "ಜ್ವಾಳಕ್ಕ ಬೇಕಾಗಿತ್ತು. ಮತ್ತೇನಂದಾ ನಿಮ್ಮ ಅಣ್ಣ?"

ಅವಳು ಬೆಳಕನ್ನು ತುಸು ಸರಿಮಾಡಿಕೊಂಡು ಹೇಳತೊಡಗಿದಳು.